ಅಗರ್ ತಟ್ಟೆಗೆ ಒಲಿಯದ ಕ್ಲಮೈಡಿಯ

ಮೂತ್ರ ಮಾಡುವಾಗ ಉರಿ, ಜೊತೆಗೆ ಸ್ವಲ್ಪ ಸ್ರಾವ ಎಂದು ಬಂದ ರೋಗಿಯಿಂದ ತೆಗೆದ ಸ್ವಾಬನ್ನು ಲ್ಯಾಬಿನಲ್ಲಿ ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಗೀರಿ, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಸೋಂಕು ತಂದದ್ದು ಸಾಮಾನ್ಯ ಬ್ಯಾಕ್ಟೀರಿಯಾ ಆಗಿದ್ದರೆ ಒಂದೆರಡು ದಿನದಲ್ಲಿ ತಟ್ಟೆಯ ಮೇಲೆ ಸಾಸಿವೆ ಗಾತ್ರದ ಚುಕ್ಕೆಗಳು ಏಳುತ್ತವೆ. ಕ್ಲಮೈಡಿಯ ಟ್ರಕೋಮಾಟಿಸ್ ಆಗಿದ್ದರೆ ಏನೂ ಏಳುವುದಿಲ್ಲ. ತಿಂಗಳು ಕಾದರೂ ಅಷ್ಟೆ, ಅಗರಿಗೆ ಇನ್ನಷ್ಟು ಪೋಷಕಾಂಶ ಸುರಿದರೂ ಅಷ್ಟೆ. ಇದು ಬ್ಯಾಕ್ಟೀರಿಯಾವೇ ಹೌದು. ಆದರೆ ಇನ್ನೊಂದು ಜೀವಿಯ ಕೋಶದೊಳಗೆ ಹೊಕ್ಕಲ್ಲದೆ ಇದರ ಸಂತಾನ ಮುಂದುವರಿಯದು.

ಈ ಹಟ ವಿಜ್ಞಾನಿಗಳನ್ನು ಅರ್ಧ ಶತಮಾನ ಕಾಡಿತು. ಕಣ್ಣಿನ ರೆಪ್ಪೆಯ ಒಳಭಾಗವನ್ನು ಕೆಡಿಸಿ, ಕೊನೆಗೆ ದೃಷ್ಟಿಯನ್ನೇ ಕಸಿಯುವ ಟ್ರಕೋಮಾ ರೋಗಕ್ಕೂ ಇದೇ ಜೀವಿ ಕಾರಣ. 1907ರಲ್ಲಿ ಜಾವಾ ದ್ವೀಪದಲ್ಲಿ ಹಾಲ್ಬರ್ಸ್ಟೆಡ್ಟರ್ ಮತ್ತು ಪ್ರೊವಾಜೆಕ್ ಎಂಬ ಇಬ್ಬರು ಸಂಶೋಧಕರು ರೋಗಿಗಳ ರೆಪ್ಪೆಯಿಂದ ಕೆರೆದು ತೆಗೆದದ್ದನ್ನು ಒರಾಂಗುಟಾನ್‌ಗಳ ಕಣ್ಣಿಗೆ ಹಚ್ಚಿದರು. ಆಮೇಲೆ ಅವುಗಳ ಕಣ್ಣಿನ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಕೇಂದ್ರದ ಪಕ್ಕದಲ್ಲಿ ಸಣ್ಣ ಕಣಗಳಿಂದ ಕಿಕ್ಕಿರಿದ ಗಂಟೊಂದು ಕಂಡಿತು. ಅದನ್ನು ಹೊರಗೆ ಬೆಳೆಸಲು ಮಾತ್ರ ಯಾರಿಗೂ ಆಗಲಿಲ್ಲ. ಹೊರಗೆ ಬೆಳೆಯದು, ಗಾತ್ರವೂ ಅತಿ ಚಿಕ್ಕದು. ಹಾಗಾಗಿ ಬಹುಕಾಲ ಇದನ್ನು ವೈರಸ್ ಎಂದೇ ನಂಬಿದರು.

ಗಂಟು ಬಿಡಿಸಿದ್ದು 1950ರ ದಶಕದಲ್ಲಿ ಬೀಜಿಂಗಿನ ಟಾಂಗ್ ಫೇಫಾನ್. ಅವರು ರೋಗಿಯ ಮಾದರಿಯನ್ನು ಭ್ರೂಣವಿರುವ ಕೋಳಿಮೊಟ್ಟೆಯ ಹಳದಿ ಚೀಲಕ್ಕೆ ಚುಚ್ಚಿದರು. ಆ ಚೀಲದ ಗೋಡೆಯಲ್ಲಿ ಜೀವಂತ ಕೋಶಗಳಿರುತ್ತವೆ, ಕ್ಲಮೈಡಿಯಕ್ಕೆ ಬೇಕಾದದ್ದು ಅದೇ. ಆದರೆ ಕಣ್ಣಿನಿಂದ ತೆಗೆದ ಮಾದರಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಸೇರಿರುತ್ತವೆ. ಅವನ್ನು ಕೊಲ್ಲದಿದ್ದರೆ ಮೊಟ್ಟೆಯೇ ಕೊಳೆಯುತ್ತದೆ. ಕೊಲ್ಲಲೆಂದು ಪೆನಿಸಿಲಿನ್ ಹಾಕಿದರೆ ಕ್ಲಮೈಡಿಯವೂ ಕುಗ್ಗುತ್ತದೆ. ಸ್ಟ್ರೆಪ್ಟೊಮೈಸಿನ್ ಹಾಗಲ್ಲ, ಉಳಿದವುಗಳನ್ನು ಕೊಂದು ಇದನ್ನು ಬಿಡುತ್ತದೆ. ಈ ಆಯ್ಕೆ ಕೆಲಸ ಮಾಡಿತು, ಫಲಿತಾಂಶ 1957ರಲ್ಲಿ ಪ್ರಕಟವಾಯಿತು. ಬೆಳೆದ ಜೀವಿಯೇ ರೋಗ ತರುತ್ತದೆ ಎಂದು ತೋರಿಸಲು ಟಾಂಗ್ ಅದನ್ನು ತಮ್ಮ ಕಣ್ಣಿಗೇ ಹಾಕಿಕೊಂಡು ಟ್ರಕೋಮಾ ಬರಿಸಿಕೊಂಡರು. ಆಂಟಿಬಯಾಟಿಕ್‌ಗೆ ಬಗ್ಗುವುದು, ಎರಡಾಗಿ ಒಡೆದು ಹೆಚ್ಚುವುದು, ಡಿಎನ್‌ಎ ಮತ್ತು ಆರ್‌ಎನ್‌ಎ ಎರಡನ್ನೂ ಹೊಂದಿರುವುದು ಇವೆಲ್ಲ ಸೇರಿ, ಇದು ವೈರಸ್ ಅಲ್ಲ ಎಂಬುದು 1960ರ ದಶಕದಲ್ಲಿ ಗಟ್ಟಿಯಾಯಿತು.

ಹಾಗಾದರೆ ಕೋಶದೊಳಗೆ ಇದು ಮಾಡುವುದೇನು? ಕ್ಲಮೈಡಿಯಕ್ಕೆ ಎರಡು ರೂಪ. ಮೊದಲನೆಯದು ಎಲಿಮೆಂಟರಿ ಬಾಡಿ. ಸುಮಾರು 0.3 ಮೈಕ್ರಾನ್ ಅಗಲದ ಗುಂಡು ಕಣ. ಇದರ ಹೊರಪೊರೆಯ ಪ್ರೋಟೀನುಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ, ಒಳಗಿನ ಡಿಎನ್‌ಎ ಒತ್ತಾಗಿ ಸುತ್ತಿಕೊಂಡಿರುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟುವುದು, ಹೊಸ ಕೋಶಕ್ಕೆ ಅಂಟುವುದು ಇದರ ಕೆಲಸ. ಒಡೆದು ಹೆಚ್ಚುವುದು ಇದರಿಂದಾಗದು. ಎರಡನೆಯದು ರೆಟಿಕ್ಯುಲೇಟ್ ಬಾಡಿ. ಗಾತ್ರದಲ್ಲಿ ಮೂರು ಪಟ್ಟು ಹೆಚ್ಚು, ಪೊರೆ ಮೆತ್ತಗೆ, ಡಿಎನ್‌ಎ ಸಡಿಲ. ಇದು ಒಡೆಯುತ್ತ ಹೋಗುತ್ತದೆ, ಆದರೆ ಕೋಶದಿಂದ ಹೊರಬಿದ್ದರೆ ಬಾಳದು, ಇನ್ನೊಂದು ಕೋಶಕ್ಕೆ ಸೋಂಕು ಹತ್ತಿಸದು. ಕಣಜದಲ್ಲಿ ಬಿತ್ತನೆ ಕಾಳು ಉಳಿಯುತ್ತದೆ, ಬೆಳೆಯುವುದಿಲ್ಲ. ಮೊಳಕೆ ಬೆಳೆಯುತ್ತದೆ, ಕಣಜದಲ್ಲಿ ಉಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ.

ಗಂಟೆಗಳ ಲೆಕ್ಕದಲ್ಲಿ ನೋಡೋಣ. ಎಲಿಮೆಂಟರಿ ಬಾಡಿ ಕೋಶಕ್ಕೆ ಅಂಟಿ, ತನ್ನನ್ನು ಒಳಗೆ ಎಳೆದುಕೊಳ್ಳುವಂತೆ ಕೋಶವನ್ನೇ ಪ್ರೇರೇಪಿಸುತ್ತದೆ. ಒಳಹೋದಾಗ ಅದರ ಸುತ್ತ ಕೋಶಪೊರೆಯದೇ ಒಂದು ಚೀಲ ಇರುತ್ತದೆ. ಸಾಮಾನ್ಯವಾಗಿ ಇಂಥ ಚೀಲಗಳು, ಒಳಗಿನದನ್ನು ಕರಗಿಸುವ ಲೈಸೋಸೋಮ್ ಜೊತೆ ಕೂಡಿಬಿಡುತ್ತವೆ. ಕ್ಲಮೈಡಿಯ ಆ ಚೀಲದ ಪೊರೆಯಲ್ಲಿ ತನ್ನದೇ ಪ್ರೋಟೀನುಗಳನ್ನು ನೆಟ್ಟು ಆ ಕೂಟವನ್ನು ತಪ್ಪಿಸುತ್ತದೆ. ಆರೆಂಟು ಗಂಟೆಯೊಳಗೆ ಗಂಧಕದ ಕೊಂಡಿಗಳು ಕಳಚಿ, ಡಿಎನ್‌ಎ ಬಿಚ್ಚಿಕೊಂಡು, ಅದು ರೆಟಿಕ್ಯುಲೇಟ್ ಬಾಡಿಯಾಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಒಡೆಯುತ್ತ ಚೀಲವನ್ನು ಉಬ್ಬಿಸುತ್ತದೆ. 1907ರಲ್ಲಿ ಕಂಡ ಗಂಟು ಇದೇ. ಒಂದು ದಿನ ಕಳೆಯುವ ಹೊತ್ತಿಗೆ ಕೆಲವು ಮತ್ತೆ ಕುಗ್ಗಿ ಎಲಿಮೆಂಟರಿ ಬಾಡಿಗಳಾಗತೊಡಗುತ್ತವೆ. 48ರಿಂದ 72 ಗಂಟೆಯಲ್ಲಿ ಕೋಶ ಸಿಡಿಯುತ್ತದೆ, ಇಲ್ಲವೇ ಚೀಲವೇ ಹೊರಗೆ ಜಾರುತ್ತದೆ. ನೂರಾರು ಕಣಗಳು ಪಕ್ಕದ ಕೋಶಗಳನ್ನು ಹುಡುಕಿ ಹೊರಡುತ್ತವೆ.

ಈಗ ಅಗರ್ ತಟ್ಟೆಗೆ ಮರಳಿದರೆ ಕಾರಣ ಸರಳ. ಸ್ವಾಬಿನಿಂದ ತಟ್ಟೆಗೆ ಬಿದ್ದ ಎಲಿಮೆಂಟರಿ ಬಾಡಿಗೆ ರೂಪ ಬದಲಿಸುವ ಜಾಗ ಸಿಗುವುದಿಲ್ಲ. ಬಿದ್ದ ರೆಟಿಕ್ಯುಲೇಟ್ ಬಾಡಿ ಅಲ್ಲೇ ಕೆಡುತ್ತದೆ. ಇದರ ಜೊತೆಗೆ ಸಾಮಗ್ರಿಯ ಕೊರತೆಯೂ ಇದೆ. ಕ್ಲಮೈಡಿಯದ ಜೀನೋಮ್ ಸುಮಾರು 10 ಲಕ್ಷ ಅಕ್ಷರಗಳಷ್ಟು, ಇ. ಕೋಲೈಯ ಕಾಲು ಭಾಗಕ್ಕಿಂತ ಕಡಿಮೆ. ಕೋಶದೊಳಗೆ ಸಿದ್ಧವಾಗಿ ಸಿಗುವುದನ್ನು ತಾನೇ ತಯಾರಿಸುವ ಎಷ್ಟೋ ಜೀನುಗಳನ್ನು ಅದು ಕಳೆದುಕೊಂಡಿದೆ. ಹಲವು ಅಮೈನೋ ಆಮ್ಲಗಳು, ಡಿಎನ್‌ಎ ಕಟ್ಟಲು ಬೇಕಾದ ತುಣುಕುಗಳು ಎಲ್ಲವೂ ಆತಿಥೇಯ ಕೋಶದಿಂದಲೇ ಬರಬೇಕು. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನೂ ನೇರವಾಗಿ ಒಳಗೆಳೆದು, ಬದಲಿಗೆ ಬಳಸಿ ಮುಗಿದ ಎಡಿಪಿಯನ್ನು ಹೊರದೂಡುವ ಪ್ರೋಟೀನು ಇದಕ್ಕಿದೆ. ಇದಕ್ಕೆ ತನ್ನದೆಂಬ ಶಕ್ತಿಯೇ ಇಲ್ಲ ಎಂದು ಹಿಂದೆ ಎಣಿಸಿದ್ದರು. 1998ರಲ್ಲಿ ಜೀನೋಮ್ ಓದಿದಾಗ, ಸ್ವಲ್ಪ ಎಟಿಪಿಯನ್ನು ತಾನೇ ಮಾಡಿಕೊಳ್ಳುವ ಜೀನುಗಳೂ ಕಂಡವು.

ಬೇಕಾದದ್ದನ್ನೆಲ್ಲ ದ್ರವದಲ್ಲಿ ಬೆರೆಸಿ ಕೊಟ್ಟರೆ? 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನೇ ಮಾಡಿದರು. ಕೋಶದೊಳಗಿನ ಲವಣಾಂಶವನ್ನು ಹೋಲುವ, ಆಮ್ಲಜನಕ ಕಡಿಮೆಯಿರುವ ಮಾಧ್ಯಮದಲ್ಲಿ ಎರಡೂ ರೂಪಗಳನ್ನಿಟ್ಟರು. ಎಲಿಮೆಂಟರಿ ಬಾಡಿ ಗ್ಲುಕೋಸ್‌ನ ಒಂದು ಫಾಸ್ಫೇಟ್ ರೂಪವನ್ನು ಬಳಸಿ, ರೆಟಿಕ್ಯುಲೇಟ್ ಬಾಡಿ ಎಟಿಪಿಯನ್ನು ಬಳಸಿ, ಗಂಟೆಗಟ್ಟಲೆ ಪ್ರೋಟೀನು ತಯಾರಿಸಿದವು. ನಿರ್ಜೀವ ಎಂದುಕೊಂಡಿದ್ದ ಎಲಿಮೆಂಟರಿ ಬಾಡಿಯೂ ಉಸಿರಾಡುತ್ತಿದೆ ಎಂದಾಯಿತು. ಆದರೆ ಆ ಪ್ರಯೋಗದಲ್ಲಿ ಒಂದೂ ಒಡೆದು ಎರಡಾಗಲಿಲ್ಲ. ಅಂದರೆ ಊಟ ಸಾಲದು, ಕೋಶದೊಳಗಿನ ಆ ಚೀಲವೂ ಬೇಕು.

ಹಾಗಾಗಿ ಕ್ಲಮೈಡಿಯವನ್ನು ಬೆಳೆಸುವ ಲ್ಯಾಬುಗಳು ಗಾಜಿನ ಸೀಸೆಯಲ್ಲಿ ಮೊದಲು ಜೀವಕೋಶಗಳ ಹಾಸು ಬೆಳೆಸುತ್ತವೆ. ಇಲಿಯ ಮ್ಯಾಕಾಯ್ ಕೋಶಗಳು ಇದಕ್ಕೆ ಹೆಸರುವಾಸಿ. ಮಾದರಿಯನ್ನು ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳನ್ನು ಕೋಶಗಳ ಮೇಲೆ ಒತ್ತಿ, ಎರಡು ಮೂರು ದಿನ ಬಿಟ್ಟು, ಹೊಳೆಯುವ ಪ್ರತಿಕಾಯ ಹಚ್ಚಿ ಒಳಗಿನ ಚೀಲವನ್ನು ಹುಡುಕುತ್ತಾರೆ. ಸ್ವಾಬ್ ತೆಗೆಯುವಾಗ ಕೀವು ಸಾಲದು, ಒಳಪೊರೆಯ ಕೋಶಗಳನ್ನೇ ಕೆರೆದು ತರಬೇಕು. ಅದನ್ನು ತಣ್ಣಗಿಟ್ಟು, ಪೆನಿಸಿಲಿನ್ ಇಲ್ಲದ ದ್ರವದಲ್ಲಿ ಬೇಗ ಮುಟ್ಟಿಸಬೇಕು.

ಇಷ್ಟೆಲ್ಲ ತಾಪತ್ರಯ ಬೇಡವೆಂದು ಇಂದು ಬಹುತೇಕ ಕಡೆ ಪಿಸಿಆರ್ ಮಾದರಿಯ ಪರೀಕ್ಷೆಯನ್ನೇ ಮಾಡುತ್ತಾರೆ. ಅದು ಹುಡುಕುವುದು ಜೀನುಗಳ ತುಣುಕನ್ನು, ಹಾಗಾಗಿ ಮೂತ್ರದ ಮಾದರಿಯೂ ಸಾಕಾಗುತ್ತದೆ. ಆದರೆ ಸತ್ತ ಕ್ಲಮೈಡಿಯದ ಡಿಎನ್‌ಎ ಕೂಡ ಅದಕ್ಕೆ ಸಿಕ್ಕಿಬೀಳುತ್ತದೆ. ಔಷಧಿ ಮುಗಿದ ಕೂಡಲೇ ಮತ್ತೆ ಪರೀಕ್ಷೆ ಮಾಡಿಸಿದರೆ, ಗುಣವಾದವರಿಗೂ ಪಾಸಿಟಿವ್ ಬರಬಹುದು. ಅದಕ್ಕೇ ವೈದ್ಯರು ಮರುಪರೀಕ್ಷೆಗೆ ಕನಿಷ್ಠ ನಾಲ್ಕು ವಾರ ಕಾಯಲು ಹೇಳುತ್ತಾರೆ. ಸಾಮಾನ್ಯ ಕಲ್ಚರ್ ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಎಂದು ಬಂದು, ಉರಿ ಹಾಗೇ ಉಳಿದಿದ್ದರೆ, ಕ್ಲಮೈಡಿಯಕ್ಕೆಂದೇ ಇರುವ ಪರೀಕ್ಷೆ ಆಗಿದೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.