‘ಚೆನ್ನಾಗಿ ಮಾತಾಡ್ತಾರೆ’ ಅಂದರೆ ಸಾಕೇ?

ಪೀಣ್ಯದಲ್ಲೊಂದು ಸಣ್ಣ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅಕೌಂಟ್ಸ್ ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ. ಮ್ಯಾನೇಜರ್ ಒಂದೇ ದಿನ ನಾಲ್ವರ ಸಂದರ್ಶನ ಮುಗಿಸಿ, ಊರಲ್ಲಿಲ್ಲದ ಮಾಲೀಕರಿಗೆ ಸಂಜೆ ಒಂದು ಸಾಲು ಕಳಿಸುತ್ತಾರೆ: ‘ಎರಡನೇ ಕ್ಯಾಂಡಿಡೇಟ್ ಚೆನ್ನಾಗಿ ಮಾತಾಡ್ತಾರೆ ಸರ್, ಜಿಎಸ್‌ಟಿ ಗೊತ್ತು, ತಗೋಬಹುದು.’

ಮಾಲೀಕರು ಇದನ್ನು ಓದಿ ಏನು ತೀರ್ಮಾನಿಸಬೇಕು? ಜಿಎಸ್‌ಟಿ ಎಷ್ಟರಮಟ್ಟಿಗೆ ಗೊತ್ತು? ಉಳಿದ ಮೂವರಿಗೆ ಗೊತ್ತಿರಲಿಲ್ಲವೇ? ಅಭ್ಯರ್ಥಿಯನ್ನು ಕಂಡವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ನಡುವೆ ಇರುವುದು ಆ ಟಿಪ್ಪಣಿ ಮಾತ್ರ. ಅದರಲ್ಲಿ ಅಭಿಪ್ರಾಯವಷ್ಟೇ ಇದ್ದರೆ ಮಾಲೀಕರು ಕಣ್ಣುಮುಚ್ಚಿ ನಂಬಬೇಕು, ಇಲ್ಲವೇ ಎಲ್ಲರನ್ನೂ ಮತ್ತೆ ಕರೆಸಬೇಕು.

ಹಾಗಾಗಿ ಮೊದಲು ಬರೆಯಬೇಕಾದದ್ದು ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ. ನಾಲ್ವರಿಗೂ ಇದೊಂದು ಪ್ರಶ್ನೆ ಕೇಳಿದ್ದಾರೆ ಎನ್ನೋಣ: ‘ಪರ್ಚೇಸ್ ಬಿಲ್ ನಮ್ಮ ಪುಸ್ತಕದಲ್ಲಿದೆ, ಆದರೆ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುತ್ತಿಲ್ಲ. ಏನು ಮಾಡ್ತೀರಿ?’ ‘ಜಿಎಸ್‌ಟಿ ಗೊತ್ತು’ ಎನ್ನುವುದರ ಬದಲು ಹೀಗೆ ಬರೆಯಬಹುದು: ‘ಬಿಲ್ ನಂಬರ್, ಜಿಎಸ್‌ಟಿ ನಂಬರ್ ತಪ್ಪಾಗಿದೆಯೇ ಅಂತ ಮೊದಲು ನೋಡ್ತೀನಿ ಎಂದರು. ಆಮೇಲೆ ಮಾಲು ಕೊಟ್ಟವರಿಗೆ ಫೋನ್ ಮಾಡಿ ರಿಟರ್ನ್ ಹಾಕಿದ್ದಾರಾ ಎಂದು ಕೇಳುವುದು. 2ಬಿಯಲ್ಲಿ ಬರುವವರೆಗೆ ಕ್ರೆಡಿಟ್ ತೆಗೆದುಕೊಳ್ಳದೆ ಬೇರೆ ಪಟ್ಟಿಯಲ್ಲಿಡುವುದು.’ ಇದನ್ನು ಓದಿದರೆ ಆಕೆ ಈ ಕೆಲಸ ಕೈಯಾರೆ ಮಾಡಿದವರು ಎಂದು ಯಾರೂ ಹೇಳಿಕೊಡಬೇಕಿಲ್ಲ.

ತಪ್ಪು ಉತ್ತರಕ್ಕೂ ಇದೇ ಅಳತೆ. ಒಬ್ಬ ಕಾಂಟ್ರಾಕ್ಟರ್ ವರ್ಷದಲ್ಲಿ 25,000 ರೂಪಾಯಿಯ ಐದು ಬಿಲ್ ಕೊಟ್ಟರೆ ಟಿಡಿಎಸ್ ಹಿಡಿಯಬೇಕೇ ಎಂದು ಕೇಳಿದಾಗ, ‘ಬೇಡ, ಒಂದು ಬಿಲ್ 30,000 ದಾಟಿಲ್ಲವಲ್ಲ’ ಎಂದರಂತೆ. ವರ್ಷದ ಒಟ್ಟು ಮೊತ್ತ ಒಂದು ಲಕ್ಷ ದಾಟಿದರೂ ಹಿಡಿಯಬೇಕು ಎಂಬುದು ಆಕೆಗೆ ಗೊತ್ತಿರಲಿಲ್ಲ. ಇಲ್ಲಿ ‘ಟಿಡಿಎಸ್ ವೀಕ್’ ಎಂದು ಬರೆದರೆ ಎಲ್ಲವೂ ಗೊತ್ತಿಲ್ಲ ಎಂಬ ಅರ್ಥ ಬರುತ್ತದೆ. ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ ಎಂದು ಬಿಡಿಸಿ ಬರೆದರೆ, ಇದು ಒಂದು ದಿನ ಹೇಳಿಕೊಟ್ಟರೆ ಸರಿಹೋಗುವ ಕೊರತೆ ಎಂದು ತಿಳಿಯುತ್ತದೆ.

ಇನ್ನು ಬರೆಯುವ ಹೊತ್ತು. ನಾಲ್ಕನೆಯವರು ಬರುವ ಹೊತ್ತಿಗೆ ಎರಡನೆಯವರ ಮಾತು ಅರ್ಧ ಮರೆತಿರುತ್ತದೆ. ಉಳಿಯುವುದು ನಗು, ಧೈರ್ಯ, ಇಂಗ್ಲಿಷ್. ಒಬ್ಬರು ಎದ್ದು ಹೋದ ಕೂಡಲೇ, ಮುಂದಿನವರನ್ನು ಕರೆಯುವ ಮೊದಲು, ಹತ್ತು ನಿಮಿಷ ಬರವಣಿಗೆಗೆ ಮೀಸಲಿಡಬೇಕು. ಜೊತೆಗೆ ಕೂತಿದ್ದ ಇನ್ನೊಬ್ಬರೊಂದಿಗೆ ಚರ್ಚಿಸುವುದೂ ಬರೆದಾದ ಮೇಲೆಯೇ.

ಅಂಕ ಕೊಡುವುದಕ್ಕೂ ಒಂದು ಕ್ರಮವಿದೆ. 1955ರಲ್ಲಿ ಇಸ್ರೇಲ್ ಸೇನೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, ಹೊಸ ಸೈನಿಕರ ಸಂದರ್ಶನಕ್ಕೆ ಆರು ಗುಣಗಳನ್ನು ಗೊತ್ತುಮಾಡಿದರು. ಒಂದು ಗುಣದ ಬಗ್ಗೆ ಕೇಳಿ, ಅದಕ್ಕೆ ಅಂಕ ಹಾಕಿಯೇ ಮುಂದಿನದಕ್ಕೆ ಹೋಗಬೇಕು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದಾಗ, ಆರೂ ಮುಗಿದ ಮೇಲೆ ಕಣ್ಣುಮುಚ್ಚಿ ನಿಮಗನಿಸಿದ ಅಂಕವನ್ನೂ ಕೊಡಿ ಎಂದರು. ಹಾಗೆ ಕೊನೆಯಲ್ಲಿ ಕೊಟ್ಟ ಅಂಕವೂ ಉಪಯೋಗಕ್ಕೆ ಬಂತು. ಅನಿಸಿಕೆಗೆ ಜಾಗ ಇದೆ, ಆದರೆ ಸರದಿಯ ಕೊನೆಗೆ.

ಕೊನೆಯದಾಗಿ ಶಿಫಾರಸು. ಅದು ಟಿಪ್ಪಣಿಯ ತಲೆಯಲ್ಲೇ ಇರಲಿ. ಮಾಲೀಕರು ಮೊದಲು ಹುಡುಕುವುದು ಅದನ್ನೇ. ‘ನೋಡಬಹುದು’, ‘ಪರವಾಗಿಲ್ಲ’ ಎಂಬ ಮಾತು ತೀರ್ಮಾನದ ಹೊರೆಯನ್ನು ಓದುವವರ ತಲೆಗೆ ಕಟ್ಟುತ್ತದೆ. ನಮ್ಮ ಎರಡನೇ ಅಭ್ಯರ್ಥಿಯ ಟಿಪ್ಪಣಿ ಹೀಗೆ ಶುರುವಾಗಬಹುದು:

‘ತೆಗೆದುಕೊಳ್ಳೋಣ. 2ಬಿ ಹೊಂದಾಣಿಕೆ ನಾಲ್ವರಲ್ಲಿ ಇವರೊಬ್ಬರೇ ಸರಿಯಾಗಿ ಹೇಳಿದರು. ನಮಗೆ ಈಗ ಬೇಕಿರುವುದೂ ಅದೇ. ಕಾಂಟ್ರಾಕ್ಟರ್ ಟಿಡಿಎಸ್‌ನಲ್ಲಿ ವಾರ್ಷಿಕ ಮಿತಿ ತಿಳಿದಿಲ್ಲ. ಮೊದಲ ಮೂರು ತಿಂಗಳು ನಾನು ನೋಡುತ್ತೇನೆ. ಹಿಂದಿನ ಕೆಲಸ ಏಳು ತಿಂಗಳಿಗೆ ಬಿಟ್ಟಿದ್ದಾರೆ. ಆಫೀಸು ದೂರಕ್ಕೆ ಹೋಯಿತು ಎಂದರು, ಅಲ್ಲಿ ವಿಚಾರಿಸಿಲ್ಲ. ಅವರು ಬೇರೆ ಕಾರಣ ಹೇಳಿದರೆ ನನ್ನ ಶಿಫಾರಸು ಬದಲಾಗುತ್ತದೆ.’

ಇದರಲ್ಲಿ ಮದುವೆ, ಮಕ್ಕಳು, ಜಾತಿ, ಊರು ಯಾವುದೂ ಇಲ್ಲ. 2ಬಿ ತಾಳೆ ನೋಡುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಅಭ್ಯರ್ಥಿಯೇ ಈ ಹಾಳೆಯನ್ನು ಓದಿದರೂ ನಾಚಿಕೆಪಡುವ ಸಾಲು ಅದರಲ್ಲಿರಬಾರದು.

ಈಗ ಮಾಲೀಕರಿಂದ ಬರುವ ಉತ್ತರವೂ ಒಂದೇ ಸಾಲಿನದು: ‘ಹಳೇ ಆಫೀಸಿಗೆ ನಾಳೆ ಫೋನ್ ಮಾಡಿ, ಸರಿಯಿದ್ದರೆ ಆರ್ಡರ್ ಕೊಡಿ.’