ಒಂದೇ ಡಬ್ಬ, ಎರಡು ಸಂದೇಶ

ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅದರ ಮಾಲೀಕರಿಗೆ ಹೊಸ ಗಿರಾಕಿಗಳು ಬೇಕು. ಅವರ ಕಣ್ಣು ಇಬ್ಬರ ಮೇಲಿದೆ. ಒಂದು, ಸಿರಿಧಾನ್ಯದ ಕುರುಕಲು ತಿಂಡಿಯನ್ನು ಆನ್‌ಲೈನಿನಲ್ಲಿ ಮಾರುವ ಬೆಂಗಳೂರಿನ ಸ್ಟಾರ್ಟಪ್. ಇನ್ನೊಂದು, ಮೈಸೂರಿನಲ್ಲಿ ಮೂರು ತಲೆಮಾರಿನಿಂದ ಅಗರಬತ್ತಿ ಮಾಡಿಕೊಂಡು ಬಂದ ಮನೆತನ. ಇಬ್ಬರ ವಾಟ್ಸ್ಆ್ಯಪ್ ನಂಬರೂ ಸಿಕ್ಕಿದೆ. ಒಂದೇ ಸಂದೇಶ ಬರೆದು, ಒಬ್ಬರಿಗೆ ‘ಹಾಯ್’, ಇನ್ನೊಬ್ಬರಿಗೆ ‘ಮಾನ್ಯರೇ’ ಎಂದು ತಲೆ ಬದಲಿಸಿ ಕಳಿಸಿದರೆ ಮುಗಿಯಿತೇ?

ಹೆಚ್ಚಿನವರು ಮಾಡುವುದು ಅಷ್ಟೇ. ಉತ್ತರ ಬಾರದೇ ಇರುವುದೂ ಅದಕ್ಕೇ. ಮರ್ಯಾದೆ ಇರುವುದು ಸಂಬೋಧನೆಯಲ್ಲಿ ಎಂದು ನಾವು ತಿಳಿದಿರುತ್ತೇವೆ. ಆದರೆ ಓದುವವರು ಅದನ್ನು ಅಳೆಯುವುದು ಮೊದಲ ಸಾಲಿನಲ್ಲಿ ಏನು ಹೇಳಿದಿರಿ, ಕೊನೆಯ ಸಾಲಿನಲ್ಲಿ ಏನು ಕೇಳಿದಿರಿ ಎಂಬುದರಿಂದ.

ಸ್ಟಾರ್ಟಪ್ಪಿನವರದು ಸುಲಭ, ಅದನ್ನು ಮೊದಲು ನೋಡೋಣ. ಅಲ್ಲಿ ನೀವು ಯಾರು ಎಂಬುದಕ್ಕಿಂತ ನಿಮ್ಮಿಂದ ಏನು ಉಪಯೋಗ ಎಂಬುದು ಮುಂದೆ ಬರಬೇಕು. ಆನ್‌ಲೈನ್ ಮಾರಾಟಗಾರರ ತಲೆನೋವು ಕೊರಿಯರ್ ಬಿಲ್ಲು. ಕೊರಿಯರ್ ಕಂಪನಿಗಳು ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಒಂದು ತೂಕ ತೆಗೆಯುತ್ತವೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಾದರೆ ಬಿಲ್ಲು ಅದಕ್ಕೇ. ನಮ್ಮ ಮಾಲೀಕರು ಆ ಕಂಪನಿಯ ಒಂದು ಪ್ಯಾಕ್ ತರಿಸಿ, ಡಬ್ಬಕ್ಕೆ ಟೇಪು ಹಿಡಿದು, ಹೀಗೆ ಬರೆಯಬಹುದು:

“ಹಲೋ, ನಿಮ್ಮ ರಾಗಿ ಕಾಂಬೋ ತರಿಸಿದ್ದೆ, ಚೆನ್ನಾಗಿದೆ. ಡಬ್ಬ 30×25×20 ಸೆಂ.ಮೀ. ಇದೆ, ಒಳಗಿನ ಮಾಲು 1.2 ಕೆ.ಜಿ. ಕೊರಿಯರ್‌ನವರು 3 ಕೆ.ಜಿ.ಗೆ ಬಿಲ್ ಹಾಕ್ತಿರಬಹುದು. ಇದೇ ಮಾಲು 25×20×15ರಲ್ಲಿ ಕೂರುತ್ತೆ, ಆಗ 1.5 ಕೆ.ಜಿ. ಪೀಣ್ಯದಲ್ಲಿ ನಮ್ಮ ಬಾಕ್ಸ್ ಯೂನಿಟ್ ಇದೆ. ಎರಡು ಸ್ಯಾಂಪಲ್ ಕಳಿಸಲಾ?”

ಇಷ್ಟು ಸಾಕು. ತಪ್ಪು ತೋರಿಸಿದ್ದಕ್ಕೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಡಬ್ಬವನ್ನು ಕಳೆದ ವರ್ಷ ಯಾರೋ ಅವಸರದಲ್ಲಿ ಆರಿಸಿರುತ್ತಾರೆ, ಅದರ ಮೇಲೆ ಯಾರಿಗೂ ಮಮಕಾರವಿಲ್ಲ. ಪ್ರಶ್ನೆಗೆ ‘ಕಳಿಸಿ’ ಎಂಬ ಒಂದೇ ಮಾತಿನ ಉತ್ತರ ಸಾಕಾಗುವಂತಿದೆ. ಹೆಸರು ಗೊತ್ತಿದ್ದರೆ ಹೆಸರಿಡಿದೇ ಕರೆಯಬಹುದು, ‘ನೀವು’ ಮಾತ್ರ ಬಿಡಬಾರದು. ಗುರುತು ಪರಿಚಯವಿಲ್ಲದವರಿಗೆ ‘ಬ್ರೋ’, ‘ಮಚ್ಚಾ’ ಎನ್ನುವುದು ಇಪ್ಪತ್ತೈದರ ಹುಡುಗರಿಗೂ ಹಿಡಿಸುವುದಿಲ್ಲ. ಓದುವವರಿಗೆ ಕನ್ನಡ ಬಾರದಿದ್ದರೆ ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ, ಕ್ರಮ ಹೀಗೇ ಇರಲಿ.

ಈಗ ಮೈಸೂರಿಗೆ ಬನ್ನಿ. ಅಗರಬತ್ತಿಯವರಿಗೂ ಡಬ್ಬದ ತೊಂದರೆ ಇದ್ದೇ ಇದೆ. ರಟ್ಟು ತೇವ ಹೀರುತ್ತದೆ, ಮಳೆಗಾಲದಲ್ಲಿ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಾಗ ಕೆಳಗಿನ ಸಾಲು ಕುಸಿಯುತ್ತದೆ. ಮೂರು ಪದರದ ಬದಲು ಐದು ಪದರದ ಡಬ್ಬ ಹಾಕಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಸ್ಟಾರ್ಟಪ್ಪಿಗೆ ಬರೆದಂತೆ ಇದನ್ನೂ ಮೊದಲ ಸಾಲಿಗೇ ಹಾಕೋಣ ಎನಿಸುತ್ತದೆ. ಹಾಕಿದರೆ ಕೆಟ್ಟಿತು. ಆ ಮೂರು ಪದರದ ಡಬ್ಬವನ್ನು ಯಜಮಾನರ ತಂದೆಯವರು ಗೊತ್ತುಮಾಡಿರಬಹುದು. ಒದಗಿಸುತ್ತಿರುವವರು ಇಪ್ಪತ್ತು ವರ್ಷದ ಒಡನಾಟದವರು, ಬಹುಶಃ ನೆಂಟರು. ‘ನಿಮ್ಮ ಡಬ್ಬ ಸರಿಯಿಲ್ಲ’ ಎಂದು ದಾರಿಹೋಕನೊಬ್ಬ ಬರೆದರೆ, ಆ ಮಾತು ತಗಲುವುದು ಅವರೆಲ್ಲರಿಗೂ.

ಅಲ್ಲಿ ಮೊದಲು ಏಳುವ ಪ್ರಶ್ನೆ ‘ಇವರು ಯಾರ ಕಡೆಯವರು?’ ಎಂಬುದು. ಅದಕ್ಕೆ ಉತ್ತರ ಸಿಗುವವರೆಗೆ ಮುಂದಿನ ಸಾಲನ್ನು ಯಾರೂ ಓದುವುದಿಲ್ಲ. ಹಾಗಾಗಿ:

“ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದು ರಟ್ಟಿನ ಬಾಕ್ಸ್ ಕಾರ್ಖಾನೆ, 2009ರಿಂದ ನಡೆಸಿಕೊಂಡು ಬಂದಿದ್ದೇವೆ. ಮಂಡಿ ಮೊಹಲ್ಲಾದ ನಮ್ಮ ಹಳೆಯ ಗಿರಾಕಿಯೊಬ್ಬರು ತಮ್ಮ ನಂಬರ್ ಕೊಟ್ಟು, ಒಮ್ಮೆ ಕಂಡು ಬನ್ನಿ ಎಂದರು. ಮುಂದಿನ ವಾರ ಮೈಸೂರಿಗೆ ಬರುವುದಿದೆ. ತಮಗೆ ಬಿಡುವಾದ ಸಮಯ ತಿಳಿಸಿದರೆ ಹತ್ತು ನಿಮಿಷ ಬಂದು ನಮ್ಮ ಮಾಲು ತೋರಿಸಿ ಹೋಗುತ್ತೇನೆ.”

ಗಿರಾಕಿಯ ಅಂಗಡಿಯ ಹೆಸರನ್ನೂ ಬರೆಯಬೇಕು, ಅದಕ್ಕೂ ಮೊದಲು ಅವರ ಒಪ್ಪಿಗೆ ಕೇಳಿರಬೇಕು. ಏಕೆಂದರೆ ಈ ಸಂದೇಶ ಓದಿದವರು ಮೊದಲು ಫೋನ್ ಮಾಡುವುದು ನಿಮಗಲ್ಲ, ಆ ಅಂಗಡಿಗೆ. ‘ಯಾರಪ್ಪ ಇವರು?’ ಎಂದು ಕೇಳಿದಾಗ ಅವರು ತಡವರಿಸಿದರೆ ಅಲ್ಲಿಗೇ ಮುಗಿಯಿತು.

ಗಮನಿಸಿ, ಈ ಸಂದೇಶದಲ್ಲಿ ದರವಿಲ್ಲ, ದೂರೂ ಇಲ್ಲ. ಕೇಳಿರುವುದು ಬರಲು ಅಪ್ಪಣೆಯನ್ನು ಮಾತ್ರ, ವ್ಯಾಪಾರವನ್ನಲ್ಲ. ಮಳೆಗಾಲದ ಮಾತು ಗೋದಾಮಿನಲ್ಲಿ ನಿಂತಾಗ, ಅವರೇ ಎತ್ತಿದರೆ ಆಡುವಂಥದು. ‘ಸರ್’ ಎಂದಿದ್ದೂ ಸಾಕು. ‘ಘನತೆವೆತ್ತ’, ‘ತಮ್ಮ ಪಾದಸನ್ನಿಧಿಗೆ’ ಎಂದೆಲ್ಲ ಬರೆದರೆ ಅಗರಬತ್ತಿಯವರು ದೇಣಿಗೆ ಕೇಳಲು ಬಂದಿದ್ದಾರೆಂದು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅತಿವಿನಯ ಸಲಿಗೆಗಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಇಂಥ ಮನೆಗಳಲ್ಲಿ ಫೋನ್ ಮಗನ ಕೈಯಲ್ಲಿದ್ದರೂ ತೀರ್ಮಾನ ತಂದೆಯದು. ಸಂದೇಶವನ್ನು ಮಗ ಗಟ್ಟಿಯಾಗಿ ಓದಿ ಹೇಳುತ್ತಾನೆ, ಗಲ್ಲಾದ ಮುಂದೆ ಕುಳಿತ ಯಜಮಾನರು ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಕಳಿಸುವ ಮೊದಲು ನೀವೇ ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಮಗನಿಗೇ ಬರೆಯುತ್ತಿದ್ದರೆ ‘ತಂದೆಯವರನ್ನೂ ಕಂಡಂತಾಗುತ್ತದೆ’ ಎಂಬ ಮಾತು ಇರಲಿ. ಆಷಾಢದಲ್ಲಿ ಹೊಸ ವ್ಯವಹಾರ ಬೇಡ ಎನ್ನುವ ಮನೆಗಳು ಇನ್ನೂ ಇವೆ, ಆ ತಿಂಗಳು ತಪ್ಪಿಸುವುದು ಮೇಲು. ಬೆಳಿಗ್ಗೆ ಅಂಗಡಿ ತೆರೆದು ಪೂಜೆ ಮಾಡುವ ಹೊತ್ತಿಗೆ ಕಳಿಸಿದ್ದೂ ಹಿಂದೆ ಬೀಳುತ್ತದೆ.

ಎದುರಿನವರು ಯಾವ ಬಗೆಯವರು ಎಂದು ತಿಳಿಯದಿದ್ದರೆ? ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿ ಹುಡುಕಿದರೆ ಸಂಸ್ಥೆ ಪಾಲುದಾರಿಕೆಯೇ, ಹಿಂದೂ ಅವಿಭಕ್ತ ಕುಟುಂಬದ್ದೇ, ಪ್ರೈವೇಟ್ ಲಿಮಿಟೆಡ್ಡೇ ಎಂಬುದು ಯಾರಿಗಾದರೂ ಕಾಣುತ್ತದೆ. ನೋಂದಣಿಯ ದಿನಾಂಕ 1-7-2017 ಎಂದಿದ್ದರೆ, ಜಿಎಸ್‌ಟಿ ಬರುವ ಮೊದಲೇ ಇದ್ದ ವ್ಯಾಪಾರ ಹಳೆಯ ತೆರಿಗೆಯಿಂದ ಇಲ್ಲಿಗೆ ಬಂದದ್ದು ಎಂದು ಬಹುತೇಕ ಹೇಳಬಹುದು. ಎಷ್ಟು ತಲೆಮಾರಿನದು ಎಂಬುದು ಮಾತ್ರ ಅದರಿಂದ ತಿಳಿಯದು.

ಬಂದ ಉತ್ತರವೂ ಬಹಳ ಹೇಳುತ್ತದೆ. ಮೈಸೂರಿನಿಂದ ‘ರೇಟ್ ಎಷ್ಟು?’ ಎಂದಷ್ಟೇ ಬಂದರೆ ಪರಿಚಯದ ಸಾಲು ನಾಟಿಲ್ಲ. ಹಳಬರ ದರ ಇಳಿಸಲು ನಿಮ್ಮ ದರವನ್ನು ಬಳಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಆಗ ದರಪಟ್ಟಿ ಕಳಿಸುವ ಬದಲು ‘ಮಾಲು ನೋಡಿದ ಮೇಲೆ ಹೇಳುತ್ತೇನೆ ಸರ್’ ಎನ್ನುವುದು ಒಳ್ಳೆಯದು. ‘ನೋಡೋಣ’ ಎಂದರೆ ಬಾಗಿಲು ಮುಚ್ಚಿಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿ, ಮತ್ತೆ ಸಂದೇಶ ಬೇಡ. ಸ್ಟಾರ್ಟಪ್ಪಿನವರು ಸುಮ್ಮನಿದ್ದರೆ ಮೂರ್ನಾಲ್ಕು ದಿನಕ್ಕೆ ಇನ್ನೊಂದು ಸಂದೇಶ ಕಳಿಸಬಹುದು, ಆದರೆ ‘ನನ್ನ ಮೆಸೇಜ್ ನೋಡಿದ್ರಾ?’ ಎಂದಲ್ಲ. ಅವರ ಮಾಲನ್ನು ಹೊಸ ಡಬ್ಬದಲ್ಲಿ ಕೂರಿಸಿದ ಒಂದು ಫೋಟೋ ಸಾಕು.