ಭಾನುವಾರ ಮಳೆಯೇ ಬರದ ಊರು

ಇದು ಅರೆಮಲೆನಾಡಿನ ಒಂದು ಹಳ್ಳಿಯ ಶಾಲಾ ಮೇಷ್ಟ್ರ ಕಥೆ. ಮೇಷ್ಟ್ರೂ ಅವರ ಲೆಕ್ಕದ ಅಂಕಿಗಳೂ ಕಲ್ಪನೆ. ಆದರೆ ಅವರ ಕಣ್ಣಿಗೆ ಬಿದ್ದ ಗುಟ್ಟು ನಿಜ. ಕೈಯಿಂದ ಮಳೆ ಅಳೆದು ಬರೆಯುವ ಕಡೆ ಅದು ಇವತ್ತಿಗೂ ಸಿಗುತ್ತದೆ.

ಊರಿನ ವಾಟ್ಸಾಪ್ ಗುಂಪಿಗೆ ಮಳೆಗಾಲದಲ್ಲಿ ದಿನವೂ ಒಂದು ಸ್ಕ್ರೀನ್‌ಶಾಟ್ ಬರುತ್ತಿತ್ತು: ತಾರೀಕು, ಮಳೆಮಾಪನ ಕೇಂದ್ರ, ಇಷ್ಟು ಮಿಲಿಮೀಟರ್. ಎಲ್ಲರೂ ನೋಡಿ ಮರೆಯುತ್ತಿದ್ದರು, ಮೇಷ್ಟ್ರು ಮಾತ್ರ ಎತ್ತಿಡುತ್ತಿದ್ದರು. ಏಳನೇ ತರಗತಿಗೆ ಸರಾಸರಿ ಲೆಕ್ಕ ಕಲಿಸಲು ಅದನ್ನೇ ಬಳಸೋಣ ಎಂದು ಮೂರು ಮಳೆಗಾಲದ ಅಂಕಿಗಳನ್ನು ಮಕ್ಕಳಿಂದ ನೋಟ್‌ಬುಕ್ಕಿಗೆ ಇಳಿಸಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಷಕ್ಕೆ 122 ದಿನ, ಮೂರು ವರ್ಷಕ್ಕೆ 366.

ಬಿಡಿ ಸ್ಕ್ರೀನ್‌ಶಾಟಿನಲ್ಲಿ ಏನೂ ಕಾಣುವುದಿಲ್ಲ, ತಿಂಗಳ ಪಟ್ಟಿಯಲ್ಲೂ ಕಾಣುವುದಿಲ್ಲ. ಮೇಷ್ಟ್ರು ಕ್ಯಾಲೆಂಡರಿನ ಹಾಗೆ ವಾರಕ್ಕೊಂದರಂತೆ ಏಳು ಕಾಲಮ್ ಹಾಕಿಸಿದ್ದರಿಂದ ಗುಟ್ಟು ಬಯಲಾಯಿತು. ಮಳೆ ದಾಖಲಾದ ದಿನಗಳು ಒಟ್ಟು 182. ಒಂದೊಂದು ವಾರಕ್ಕೆ ಸುಮಾರು 26 ಬರಬೇಕು. ಮಂಗಳವಾರದಿಂದ ಶನಿವಾರದವರೆಗೆ 28ರ ಆಸುಪಾಸಿನಲ್ಲಿತ್ತು. ಭಾನುವಾರ ಬರೀ 4, ಸೋಮವಾರ 37! ಸೋಮವಾರದ ಕಾಲಮ್ ಕೂಡಿದರೆ ಮಂಗಳವಾರದ ಹತ್ತಿರಹತ್ತಿರ ಎರಡರಷ್ಟು ಮಳೆ.

ಒಂದೇ ತಿಂಗಳ ಅಂಕಿ ಇದ್ದಿದ್ದರೆ ಇದನ್ನು ನಂಬುವಂತಿರಲಿಲ್ಲ. ಎರಡು ದಿನಕ್ಕೊಮ್ಮೆ ಮಳೆ ಬರುವ ಊರಿನಲ್ಲೂ ನಾಲ್ಕು ಭಾನುವಾರ ಸತತವಾಗಿ ಒಣಗಿರುವುದು ಹದಿನಾರರಲ್ಲಿ ಒಂದು ಸಲ ತಾನಾಗಿಯೇ ಆಗಬಹುದು. ಸುಮಾರು 52 ಭಾನುವಾರಗಳಲ್ಲಿ ನಾಲ್ಕೇ ದಿನ ಮಳೆ ಎಂದರೆ ಅದು ಆಕಸ್ಮಿಕವಲ್ಲ. ಮೋಡಕ್ಕೆ ವಾರ ಗೊತ್ತಿಲ್ಲ, ವಾರ ಗೊತ್ತಿರುವುದು ಅಳೆಯುವವರಿಗೆ.

ಅಳೆಯುವ ಕ್ರಮ ಹೀಗಿದೆ. ಮಳೆಮಾಪಕದ ಆಲಿಕೆಯಲ್ಲಿ ಬಿದ್ದ ನೀರು ಒಳಗಿನ ಪಾತ್ರೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ 8.30ಕ್ಕೆ ಅದನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ತಾರೀಕಿಗೆ ಬರೆಯುತ್ತಾರೆ. ಶನಿವಾರ ರಾತ್ರಿ ಸುರಿದದ್ದು ಭಾನುವಾರದ ಲೆಕ್ಕ. ಭಾನುವಾರ ಯಾರೂ ಹೋಗದಿದ್ದರೆ ನೀರು ಅಲ್ಲೇ ಉಳಿದು, ಎರಡು ದಿನದ ಮಳೆ ಸೋಮವಾರದ ಹೆಸರಿಗೆ ಬೀಳುತ್ತದೆ. ಖಾಲಿ ಬಿಡಬೇಕಾದ ಭಾನುವಾರದ ಮನೆಯಲ್ಲಿ ಸೊನ್ನೆ ಕೂರುತ್ತದೆ.

ಮೇಷ್ಟ್ರು ಒಂದು ಭಾನುವಾರದ ಸೊನ್ನೆ ತೋರಿಸಿದಾಗ ಹುಡುಗಿಯೊಬ್ಬಳು ಎದ್ದು ನಿಂತಳು: “ಇಲ್ಲ ಸಾರ್, ಹಿಂದಿನ ರಾತ್ರಿ ನಮ್ಮ ಕೊಟ್ಟಿಗೆಗೆ ನೀರು ನುಗ್ಗಿತ್ತು.” ಪಕ್ಕದ ಪಂಚಾಯಿತಿಯಲ್ಲಿ 15 ನಿಮಿಷಕ್ಕೊಮ್ಮೆ ತಾನೇ ಮಳೆ ದಾಖಲಿಸುವ ಸ್ವಯಂಚಾಲಿತ ಮಾಪಕವಿತ್ತು. ಅದರಲ್ಲಿ ಆ ಭಾನುವಾರಕ್ಕೆ 38 ಮಿ.ಮೀ., ಸೋಮವಾರಕ್ಕೆ 34. ಇಲ್ಲಿಯ ದಾಖಲೆಯಲ್ಲಿ ಭಾನುವಾರ 0, ಸೋಮವಾರ 71. ಅಳೆಯುವ ನೌಕರನನ್ನು ಕೇಳಿದರೆ ಅವನು ಏನನ್ನೂ ಮುಚ್ಚಿಡಲಿಲ್ಲ: “ಭಾನುವಾರ ರಜಾ ಅಲ್ವಾ ಮೇಷ್ಟ್ರೇ? ನೀರು ಒಂದು ತೊಟ್ಟೂ ಚೆಲ್ಲಿಲ್ಲ, ಸೋಮವಾರ ಪೂರ್ತಿ ಬರೆದಿದೀನಿ.”

ಅವನ ಮಾತು ಸುಳ್ಳಲ್ಲ. ತಿಂಗಳ ಒಟ್ಟು ಮಳೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಕೆಡುವುದು ದಿನದ ಲೆಕ್ಕ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ಅದು ‘ಭಾರಿ ಮಳೆ’. ಎರಡು ಸಾಧಾರಣ ದಿನಗಳು ಸೇರಿ ಆಗದ ಒಂದು ಭಾರಿ ಮಳೆ ದಾಖಲೆಗೆ ಬಂತು. ಮಳೆ ಬಂದ ಒಂದು ದಿನ ಒಣದಿನವೂ ಆಯಿತು. ಇಂಥ ಅಂಕಿಗಳನ್ನು ದಶಕಗಟ್ಟಲೆ ಪೇರಿಸಿ ‘ಭಾರಿ ಮಳೆಯ ದಿನಗಳು ಹೆಚ್ಚುತ್ತಿವೆಯೇ’ ಎಂದು ಕೇಳಿದರೆ, ಉತ್ತರದಲ್ಲಿ ಮಳೆಯ ಜೊತೆಗೆ ರಜೆಯೂ ಸೇರಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಆಗುವ ಸಂಗತಿಯಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ನೀಲ್ ವಿನಿ ಮತ್ತು ಬ್ರೈಸನ್ ಬೇಟ್ಸ್ 2004ರಲ್ಲಿ ತಮ್ಮ ದೇಶದ ಉತ್ತಮ ಗುಣಮಟ್ಟದವೆಂದು ಆರಿಸಿಟ್ಟ ಮಳೆ ದಾಖಲೆಗಳಲ್ಲೇ ಇದನ್ನು ತೋರಿಸಿಕೊಟ್ಟರು. ಅವರ ಪ್ರಬಂಧದ ಶೀರ್ಷಿಕೆಯ ಅರ್ಥ ‘ಭಾನುವಾರ ಮಳೆ ಬರುವುದೇ ಇಲ್ಲ’.

ಹಳೆಯ ಸೋಮವಾರಗಳನ್ನು ಸರಿಪಡಿಸುವಾಗ ಅರ್ಧರ್ಧ ಹಂಚಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಮೇಷ್ಟ್ರು ಹಾಗೆ ಮಾಡಲಿಲ್ಲ. ಪಕ್ಕದ ಮಾಪಕದಲ್ಲಿ ಎರಡು ದಿನಕ್ಕೆ ಮಳೆ ಯಾವ ಪ್ರಮಾಣದಲ್ಲಿ ಹಂಚಿತ್ತೋ ಅದೇ ಪ್ರಮಾಣದಲ್ಲಿ 71ನ್ನು ಒಡೆದಾಗ ಭಾನುವಾರಕ್ಕೆ 37.5, ಸೋಮವಾರಕ್ಕೆ 33.5 ಬಂತು. ಅದರ ಮುಂದೆ ‘ಅಂದಾಜು’ ಎಂದು ಬರೆಸಿದರು. ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆಯಾಗುವ ಸೀಮೆಯಲ್ಲಿ ಅದನ್ನು ಅಳತೆ ಎನ್ನಲಾಗದು.

ಮುಂದಿನ ಭಾನುವಾರಗಳಿಗೆ ಮದ್ದು ಇನ್ನೂ ಸುಲಭ. ಅಳೆಯದ ದಿನ ಸೊನ್ನೆ ಬರೆಯದೆ ಅಡ್ಡಗೆರೆ ಎಳೆಯಬೇಕು, ಮರುದಿನದ ಅಂಕಿಯ ಪಕ್ಕ ‘ಎರಡು ದಿನದ್ದು’ ಎಂದು ನಮೂದಿಸಬೇಕು. ನೌಕರ ಅದಕ್ಕೆ ಒಪ್ಪಿದ. ಅಷ್ಟು ಬರೆದಿದ್ದರೆ ಆ ದಾಖಲೆಯನ್ನು ಮುಂದೆ ಯಾರು ಬಳಸಿದರೂ ಮೋಸಹೋಗುವುದಿಲ್ಲ.